ಸಾಲವೋ ಷೇರೋ? ಟ್ರೇಡ್-ಆಫ್ ಲೆಕ್ಕ ಕೈಕೊಟ್ಟಾಗ ನೋಡಬೇಕಾದ ಎರಡು ದಾರಿ

ಒಂದು ಕಂಪನಿ ಹೊಸ ಘಟಕ ಕಟ್ಟಬೇಕು. ಕೈಯಲ್ಲಿ ಅಷ್ಟು ಹಣ ಇಲ್ಲ. ಸಾಲ ತರಬೇಕೋ, ಹೊಸ ಷೇರು ಮಾರಬೇಕೋ? ಹಣಕಾಸಿನ ಯಾವ ಪಾಠ ತೆಗೆದರೂ ಮೊದಲು ಸಿಗುವ ಉತ್ತರ ಟ್ರೇಡ್-ಆಫ್ ಸಿದ್ಧಾಂತದ್ದು. ಸಾಲದಿಂದ ತೆರಿಗೆ ಉಳಿಯುತ್ತದೆ, ಆದರೆ ದಿವಾಳಿಯ ಭಯ ಹೆಚ್ಚುತ್ತದೆ, ಎರಡೂ ಸರಿತೂಗುವ ಕಡೆ ನಿಲ್ಲಿ ಅನ್ನುತ್ತದೆ ಅದು. ಕೇಳಲು ಚೆನ್ನಾಗಿದೆ. ಆದರೆ ನಿಜವಾದ ಕಂಪನಿಯ ಬ್ಯಾಲೆನ್ಸ್ ಶೀಟ್ ಮುಂದಿಟ್ಟುಕೊಂಡು ಕೂತಾಗ ಈ ಉತ್ತರ ಎಷ್ಟೋ ಸಲ ಸಾಕಾಗುವುದಿಲ್ಲ.

ಆಗ ಉಳಿಯುವ ದಾರಿ ಎರಡು. ಒಂದು ಪೆಕಿಂಗ್ ಆರ್ಡರ್ ಸಿದ್ಧಾಂತ. ಇನ್ನೊಂದು ಸಾಲದ ಏಜೆನ್ಸಿ ವೆಚ್ಚ. ಎರಡನ್ನೂ ಹೆಚ್ಚಿನವರು ಹೆಸರಿನಿಂದ ಬಲ್ಲರು. ಆದರೆ ಯಾವ ಕಂಪನಿಗೆ ಯಾವುದು ಹೊಂದುತ್ತದೆ ಎಂದು ಕೇಳಿದರೆ ಗೊಂದಲ ಶುರುವಾಗುತ್ತದೆ. ಅದಕ್ಕೇ ಇಲ್ಲಿ ಅಂಕಿ ಇಟ್ಟು ನೋಡೋಣ. ಅಂಕಿಗಳೆಲ್ಲ ಸುಮ್ನೆ ಸಂಖ್ಯೆಗಳು, ಯಾವ ದೇಶದ ಹಣ ಎಂದುಕೊಂಡರೂ ನಡೆಯುತ್ತದೆ.

ಟ್ರೇಡ್-ಆಫ್ ಎಲ್ಲಿ ಎಡವುತ್ತದೆ

ಮೊದಲು ಅದರ ಲೆಕ್ಕ. ಕಂಪನಿ 8% ಬಡ್ಡಿಗೆ 400 ಸಾಲ ತಂದಿದೆ. ವರ್ಷಕ್ಕೆ ಬಡ್ಡಿ 32. ತೆರಿಗೆ ದರ 25% ಆದರೆ, ಬಡ್ಡಿಯನ್ನು ಖರ್ಚು ಎಂದು ತೋರಿಸುವುದರಿಂದ ವರ್ಷಕ್ಕೆ 8 ತೆರಿಗೆ ಉಳಿಯುತ್ತದೆ. ಸಾಲ ಹೀಗೇ ಶಾಶ್ವತವಾಗಿ ಇದ್ದರೆ, ಅದೇ 8% ದರ ಹಿಡಿದು ನೋಡಿದಾಗ ಈ ಉಳಿತಾಯದ ಇಂದಿನ ಬೆಲೆ 100. ಅಂದರೆ ಸಾಲದ ಕಾಲು ಭಾಗದಷ್ಟು ಲಾಭ ತೆರಿಗೆಯಿಂದಲೇ ಬಂತು. ಮೋದಿಗ್ಲಿಯಾನಿ ಮತ್ತು ಮಿಲ್ಲರ್ 1963ರಲ್ಲಿ ತೋರಿಸಿದ್ದು ಇದನ್ನೇ. 1973ರಲ್ಲಿ ಕ್ರಾಸ್ ಮತ್ತು ಲಿಟ್ಜನ್‌ಬರ್ಗರ್ ದಿವಾಳಿಯ ವೆಚ್ಚವನ್ನು ಎದುರು ತಟ್ಟೆಯಲ್ಲಿಟ್ಟು ತೂಗಿದರು.

ಈ ಲೆಕ್ಕ ನಿಜವಾದರೆ ಒಳ್ಳೆ ಲಾಭ ಮಾಡುವ ಕಂಪನಿಯೇ ಜಾಸ್ತಿ ಸಾಲ ಮಾಡಬೇಕು ಅಲ್ವಾ? ತೆರಿಗೆ ಕಟ್ಟುವಷ್ಟು ಲಾಭ ಅದಕ್ಕಿದೆ. ದಿವಾಳಿಯ ಭಯವೂ ಕಡಿಮೆ. ಆದರೆ ಕಾಣುವುದು ಇದರ ಉಲ್ಟಾ. 1988ರಲ್ಲಿ ಟಿಟ್‌ಮನ್ ಮತ್ತು ವೆಸೆಲ್ಸ್ ಅಮೆರಿಕದ ಕಂಪನಿಗಳನ್ನು ನೋಡಿದಾಗ, ಹಿಂದೆ ಚೆನ್ನಾಗಿ ಲಾಭ ಮಾಡಿದ ಕಂಪನಿಗಳಲ್ಲಿ ಷೇರುಗಳ ಮಾರುಕಟ್ಟೆ ಬೆಲೆಗೆ ಹೋಲಿಸಿದರೆ ಸಾಲ ಕಡಿಮೆಯೇ ಇತ್ತು. ಆಮೇಲೆ ಬೇರೆಯವರೂ ಇದೇ ಚಿತ್ರವನ್ನು ಮತ್ತೆ ಮತ್ತೆ ಕಂಡರು. 2000ದಲ್ಲಿ ಗ್ರಹಾಂ ತೋರಿಸಿದ್ದು ಇನ್ನೂ ನೇರ: ದೊಡ್ಡ, ಲಾಭದ, ಕಷ್ಟಕ್ಕೆ ಸಿಗುವ ಸಾಧ್ಯತೆಯೇ ಕಡಿಮೆ ಇರುವ ಎಷ್ಟೋ ಕಂಪನಿಗಳು ಸುಲಭವಾಗಿ ಸಿಗುವ ತೆರಿಗೆ ಉಳಿತಾಯವನ್ನು ಬಿಟ್ಟುಬಿಡುತ್ತವೆ.

ಟ್ರೇಡ್-ಆಫ್ ಪರ ಇರುವವರ ಹತ್ತಿರ ಉತ್ತರ ಇಲ್ಲ ಅಂತಲ್ಲ. ಸಾಲದ ಮಟ್ಟ ಬದಲಿಸಲು ಖರ್ಚಾಗುತ್ತದೆ, ಹಾಗಾಗಿ ಕಂಪನಿಗಳು ಗುರಿಯ ಕಡೆಗೆ ನಿಧಾನಕ್ಕೆ ಸರಿಯುತ್ತವೆ ಅನ್ನುತ್ತಾರೆ. ಇದರಲ್ಲಿ ಹುರುಳಿದೆ. ಆದರೆ ಹಣ ಬೇಕಾದ ದಿನ ಕಂಪನಿಯವರು ಯಾಕೆ ಹಾಗೆ ನಡೆದುಕೊಳ್ಳುತ್ತಾರೆ ಎಂದು ತಿಳಿಯಬೇಕಾದರೆ, ತೆರಿಗೆಯನ್ನು ಪಕ್ಕಕ್ಕಿಟ್ಟು ಜನರನ್ನು ನೋಡಬೇಕು. ಯಾರಿಗೆ ಏನು ಗೊತ್ತು, ಯಾರ ಜೇಬಿಗೆ ಎಷ್ಟು ಹೋಗುತ್ತದೆ ಎಂದು ಕೇಳಬೇಕು. ಉಳಿದ ಎರಡು ದಾರಿ ಕೇಳುವುದು ಇದನ್ನೇ.

ಪೆಕಿಂಗ್ ಆರ್ಡರ್: ಒಳಗಿನವರಿಗೆ ಗೊತ್ತು, ಹೊರಗಿನವರಿಗೆ ಗೊತ್ತಿಲ್ಲ

ಕೋಳಿಗಳ ಗುಂಪಿನಲ್ಲಿ ಯಾವ ಕೋಳಿ ಮೊದಲು ಕುಕ್ಕಬೇಕು ಎಂಬುದಕ್ಕೆ ಒಂದು ಸಾಲು ಇರುತ್ತದೆ. ಹೆಸರು ಬಂದದ್ದು ಅಲ್ಲಿಂದ. ಇಲ್ಲಿಯ ಸಾಲು ಹೀಗೆ: ಮೊದಲು ಸ್ವಂತ ಲಾಭದಲ್ಲಿ ಉಳಿಸಿದ ಹಣ, ಅದು ಸಾಲದಿದ್ದರೆ ಸಾಲ, ಬೇರೆ ದಾರಿಯೇ ಇಲ್ಲದಾಗ ಹೊಸ ಷೇರು. ಕಂಪನಿಗಳು ಹೀಗೆ ಮಾಡುತ್ತವೆ ಎಂದು ಡೊನಾಲ್ಡ್‌ಸನ್ 1961ರಲ್ಲೇ ಗಮನಿಸಿದ್ದರು. ಯಾಕೆ ಎಂಬುದಕ್ಕೆ ಗಟ್ಟಿ ಕಾರಣ ಕೊಟ್ಟವರು ಮೈಯರ್ಸ್ ಮತ್ತು ಮಜ್ಲೂಫ್, 1984ರಲ್ಲಿ. ಅವರ ತರ್ಕವನ್ನು ನಮ್ಮದೇ ಅಂಕಿ ಹಾಕಿ ನೋಡೋಣ.

ಒಂದು ಕಂಪನಿಯ ಈಗಿನ ಆಸ್ತಿಯ ನಿಜ ಬೆಲೆ 200 ಇರಬಹುದು, 80 ಇರಬಹುದು. ಎರಡಕ್ಕೂ ಸಮ ಸಾಧ್ಯತೆ. ಯಾವುದು ನಿಜ ಎಂದು ಆಡಳಿತ ನಡೆಸುವವರಿಗೆ ಗೊತ್ತು, ಹೂಡಿಕೆದಾರರಿಗೆ ಗೊತ್ತಿಲ್ಲ. ಎದುರಿಗೆ ಒಂದು ಯೋಜನೆ ಇದೆ. ಹಾಕಬೇಕಾದದ್ದು 60, ಬರುವುದು 72. ಯಾವ ಸ್ಥಿತಿಯಲ್ಲೂ 12 ಲಾಭ. ಕಂಪನಿಯ ಕೈಯಲ್ಲಿ ಹಣ ಇಲ್ಲ, ಹಳೆಯ ಸಾಲವೂ ಇಲ್ಲ.

60ಕ್ಕೆ ಹೊಸ ಷೇರು ಮಾರಿದರೆ ಏನಾಗುತ್ತದೆ? ಯೋಜನೆ ಸೇರಿಸಿ ಕಂಪನಿಯ ಬೆಲೆ ಒಳ್ಳೆ ಸ್ಥಿತಿಯಲ್ಲಿ 272, ಕೆಟ್ಟ ಸ್ಥಿತಿಯಲ್ಲಿ 152. ಹೊರಗಿನವರು ಸರಾಸರಿ ಹಿಡಿದು 212 ಅನ್ನುತ್ತಾರೆ. 60 ಕೊಟ್ಟವರಿಗೆ ಸುಮಾರು 28.3% ಪಾಲು. ಹಳಬರಿಗೆ ಉಳಿಯುವುದು 71.7%.

ಈಗ ಒಳ್ಳೆ ಕಂಪನಿಯ ಮುಖ್ಯಸ್ಥರ ಕುರ್ಚಿಯಲ್ಲಿ ಕೂತು ಯೋಚಿಸಿ. 272ರಲ್ಲಿ 71.7% ಅಂದರೆ 195. ಏನೂ ಮಾಡದೆ ಸುಮ್ಮನಿದ್ದರೆ ಹಳಬರ ಕೈಯಲ್ಲಿ 200. ಲಾಭದ ಯೋಜನೆ ಮಾಡಿ 5 ಕಳೆದುಕೊಂಡಂತಾಯಿತು! ಯಾಕೆಂದರೆ ಷೇರನ್ನು ನಿಜ ಬೆಲೆಗಿಂತ ಕಡಿಮೆಗೆ ಮಾರಬೇಕಾಯಿತು. ಯೋಜನೆಯ 12 ಲಾಭಕ್ಕಿಂತ ಅಗ್ಗಕ್ಕೆ ಮಾರಿದ ನಷ್ಟವೇ ದೊಡ್ಡದು. ಹಾಗಾಗಿ ಅವರು ಯೋಜನೆಯನ್ನೇ ಕೈಬಿಡುತ್ತಾರೆ.

ಕೆಟ್ಟ ಸ್ಥಿತಿಯ ಕಂಪನಿ ಮಾತ್ರ ಷೇರು ಮಾರಲು ಬರುತ್ತದೆ. ಹೊರಗಿನವರು ದಡ್ಡರಲ್ಲ, ಅವರಿಗೂ ಇದು ಅರ್ಥವಾಗುತ್ತದೆ. ಘೋಷಣೆಗೆ ಮುಂಚೆ ಅವರ ಅಂದಾಜು ಬೆಲೆ 146 ಇರುತ್ತದೆ, ಅಂದರೆ 200 ಮತ್ತು 92ರ ಸರಾಸರಿ. 92 ಅಂದರೆ ಕೆಟ್ಟ ಸ್ಥಿತಿಯ 80ರ ಮೇಲೆ ಯೋಜನೆಯ 12. ಷೇರು ಮಾರುತ್ತೇವೆ ಎಂದ ಕ್ಷಣ ಬೆಲೆ 92ಕ್ಕೆ ಕುಸಿಯುತ್ತದೆ. ಕಂಪನಿಯ ಆಸ್ತಿ ಒಂದು ಚೂರೂ ಬದಲಾಗಿಲ್ಲ. ಬದಲಾದದ್ದು ಹೊರಗಿನವರಿಗೆ ಸಿಕ್ಕ ಸುದ್ದಿ ಮಾತ್ರ. ನಿಜ ಮಾರುಕಟ್ಟೆಯಲ್ಲಿ ಕುಸಿತ ಇಷ್ಟು ದೊಡ್ಡದಲ್ಲ. ಅಮೆರಿಕದ ಕೈಗಾರಿಕಾ ಕಂಪನಿಗಳು ಹೊಸ ಷೇರು ಘೋಷಿಸಿದಾಗ ಬೆಲೆ ಸರಾಸರಿ 3% ಆಸುಪಾಸು ಇಳಿಯುತ್ತದೆ ಎಂದು 1980ರ ದಶಕದ ಅಧ್ಯಯನಗಳು ಕಂಡುಕೊಂಡವು. ಸಾಲ ಘೋಷಿಸಿದಾಗ ಅಂಥ ಇಳಿತ ಕಾಣಲಿಲ್ಲ.

ಅದೇ 60ನ್ನು ಸಾಲವಾಗಿ ತಂದರೆ? ಬಡ್ಡಿ ಬಿಟ್ಟು ನೋಡೋಣ. ಕೆಟ್ಟ ಸ್ಥಿತಿಯಲ್ಲೂ 152 ಇದೆ, 60 ತೀರಿಸಲು ಏನೂ ತೊಂದರೆ ಇಲ್ಲ. ಕೊಟ್ಟವನಿಗೆ ಯಾವ ಸ್ಥಿತಿ ನಿಜ ಎಂದು ತಿಳಿಯುವ ಅಗತ್ಯವೇ ಇಲ್ಲ. ಒಳ್ಳೆ ಕಂಪನಿಯ ಹಳಬರಿಗೆ 212, ಕೆಟ್ಟ ಕಂಪನಿಯವರಿಗೆ 92. ಇಬ್ಬರೂ ಯೋಜನೆ ಮಾಡುತ್ತಾರೆ, 12 ಎಲ್ಲೂ ಸೋರಿಹೋಗುವುದಿಲ್ಲ. ಸ್ವಂತ ಹಣ ಇದ್ದಿದ್ದರೂ ಇದೇ ಫಲ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಏಕೆಂದರೆ ಓದುವವರು ಜಾರುವುದು ಇಲ್ಲೇ. ಸಾಲ ಗೆದ್ದದ್ದು ಅದು ಅಗ್ಗ ಅಂತಲ್ಲ. ಅದು ಮರಳಿ ಬರುವುದು ಖಚಿತ, ಹಾಗಾಗಿ ಅದರ ಬೆಲೆ ಒಳಗಿನ ಗುಟ್ಟಿನ ಮೇಲೆ ನಿಂತಿಲ್ಲ. ಅದಕ್ಕೇ ಗೆದ್ದಿತು. ಸಾಲ ಅಪಾಯದ್ದಾದರೆ ಅದಕ್ಕೂ ಷೇರಿನ ರೋಗವೇ ಅಂಟಿಕೊಳ್ಳುತ್ತದೆ.

ಈ ದಾರಿಯಲ್ಲಿ ಗುರಿಯ ಸಾಲದ ಪ್ರಮಾಣ ಅಂತ ಒಂದು ಇಲ್ಲ. ಇವತ್ತಿನ ಸಾಲ ಅಂದರೆ ಇಷ್ಟು ವರ್ಷ ಕಡಿಮೆ ಬಿದ್ದ ಹಣದ ಮೊತ್ತ, ಅಷ್ಟೇ. ಲಾಭದ ಕಂಪನಿಗೆ ಹಣ ಕಡಿಮೆ ಬೀಳುವುದೇ ಅಪರೂಪ, ಹಾಗಾಗಿ ಸಾಲವೂ ಕಡಿಮೆ. ಟ್ರೇಡ್-ಆಫ್ ಎಡವಿದ ಜಾಗದಲ್ಲಿ ಇದು ಸಲೀಸಾಗಿ ನಡೆದುಹೋಗುತ್ತದೆ.

ಸಾಲದ ಏಜೆನ್ಸಿ ವೆಚ್ಚ: ಸಾಲ ಬಂದ ಮೇಲೆ ಯಾರ ಪರ ನಿರ್ಧಾರ?

ಪೆಕಿಂಗ್ ಆರ್ಡರ್ ಹಣ ತರುವ ದಿನವನ್ನು ನೋಡಿದರೆ, ಇದು ಆಮೇಲಿನ ದಿನಗಳನ್ನು ನೋಡುತ್ತದೆ. ಜೆನ್‌ಸೆನ್ ಮತ್ತು ಮೆಕ್ಲಿಂಗ್ 1976ರಲ್ಲಿ, ಮೈಯರ್ಸ್ 1977ರಲ್ಲಿ ಕೇಳಿದ ಪ್ರಶ್ನೆ ಒಂದೇ. ಸಾಲ ತೆಗೆದುಕೊಂಡ ಮೇಲೆ ಕಂಪನಿಯನ್ನು ನಡೆಸುವುದು ಷೇರುದಾರರ ಪರವಾಗಿ. ಅವರಿಗೆ ಒಳ್ಳೆಯದಾದದ್ದು ಸಾಲ ಕೊಟ್ಟವರಿಗೂ ಒಳ್ಳೆಯದೇ?

ಕಂಪನಿ ಚೆನ್ನಾಗಿರುವಾಗ ಈ ಪ್ರಶ್ನೆ ಏಳುವುದಿಲ್ಲ. ಕಷ್ಟ ಬಂದಾಗ ನೋಡಿ. ಇನ್ನೊಂದು ಕಂಪನಿ, ಮುಂದಿನ ವರ್ಷ 100 ಸಾಲ ತೀರಿಸಬೇಕು. ಆಗ ಅದರ ಆಸ್ತಿ 150 ಆಗಬಹುದು, 50 ಆಗಬಹುದು, ಸಮ ಸಾಧ್ಯತೆ. ಷೇರುದಾರರ ಪಾಲಿನ ಸರಾಸರಿ 25. ಸಾಲ ಕೊಟ್ಟವರದು 75. ಕಾಗದದ ಮೇಲೆ 100 ಇದ್ದರೂ ನಿಜಕ್ಕೂ ಬೆಲೆ 75.

ಈಗ ಒಂದು ಯೋಜನೆ ಬಂತು. ಷೇರುದಾರರು 20 ಹಾಕಬೇಕು, 30 ಖಂಡಿತ ವಾಪಸ್. ಇಂಥದ್ದನ್ನು ಯಾರು ಬಿಡುತ್ತಾರೆ? ಷೇರುದಾರರೇ ಬಿಡುತ್ತಾರೆ. ಒಳ್ಳೆ ಸ್ಥಿತಿಯಲ್ಲಿ ಆಸ್ತಿ 180 ಆಗುತ್ತದೆ, ಸಾಲ ತೀರಿಸಿ 80 ಉಳಿಯುತ್ತದೆ. ಕೆಟ್ಟ ಸ್ಥಿತಿಯಲ್ಲಿ 80 ಆಗುತ್ತದೆ, ಅದಷ್ಟೂ ಸಾಲ ಕೊಟ್ಟವರಿಗೆ. ಷೇರುದಾರರ ಸರಾಸರಿ 25ರಿಂದ 40ಕ್ಕೆ ಏರಿತು. 20 ಹಾಕಿ 15 ಪಡೆದರು. ಉಳಿದ 15 ಸಾಲ ಕೊಟ್ಟವರಿಗೆ ಪುಕ್ಕಟೆ ಸಿಕ್ಕಿತು, ಅವರ ಬೆಲೆ 75ರಿಂದ 90 ಆಯಿತು. ನಾವು ಕಷ್ಟಪಟ್ಟು ದುಡ್ಡು ಹಾಕುವುದು, ಅವರು ಕೂತಲ್ಲೇ ತಿನ್ನುವುದು ಎಂದು ಷೇರುದಾರರಿಗೆ ಅನ್ನಿಸುತ್ತದೆ. ಅವರ ಜಾಗದಲ್ಲಿ ಕೂತರೆ ಅದು ತಪ್ಪೂ ಅಲ್ಲ. ಯೋಜನೆ ಮಾತ್ರ ನಿಂತುಹೋಗುತ್ತದೆ. ಇದಕ್ಕೆ ಡೆಟ್ ಓವರ್‌ಹ್ಯಾಂಗ್ ಎನ್ನುತ್ತಾರೆ, ಹಳೆ ಸಾಲದ ಹೊರೆ ಹೊಸ ಕೆಲಸದ ಮೇಲೆ ಬೀಳುವುದು.

ನೋಡುವ ಅಳತೆ ಸುಲಭ. ಯೋಜನೆಯ ಲಾಭ 10, ಸಾಲ ಕೊಟ್ಟವರ ಕಡೆಗೆ ಸೋರುವುದು 15. ಸೋರುವುದು ಲಾಭಕ್ಕಿಂತ ಜಾಸ್ತಿಯಾದರೆ ಯೋಜನೆ ಸತ್ತಿತು. ಕಂಪನಿಯ ಬಾಂಡ್ ಮಾರುಕಟ್ಟೆಯಲ್ಲಿ 100ಕ್ಕೆ 75ರಂತೆ ಕೈಬದಲಾಗುತ್ತಿದ್ದರೆ, ಸೋರಿಕೆಗೆ ಜಾಗ ದೊಡ್ಡದಿದೆ ಎಂದೇ ಅರ್ಥ. 99ಕ್ಕೆ ಇದ್ದರೆ ಈ ಚಿಂತೆ ಸದ್ಯಕ್ಕೆ ಬೇಡ.

ಪರಿಹಾರ ಇಲ್ಲವೇ? ಇದೆ. ಯೋಜನೆ ಮಾಡಿದರೆ ನಾವು 100ರ ಬದಲು 85 ಸಾಕು ಎನ್ನುತ್ತೇವೆ ಎಂದು ಸಾಲ ಕೊಟ್ಟವರು ಒಪ್ಪಲಿ. ಒಳ್ಳೆ ಸ್ಥಿತಿಯಲ್ಲಿ ಷೇರುದಾರರಿಗೆ 95, ಸರಾಸರಿ 47.5. ಹಿಂದಿನ 25ಕ್ಕಿಂತ 22.5 ಜಾಸ್ತಿ, ಹಾಕಿದ್ದು 20. ಸಾಲ ಕೊಟ್ಟವರಿಗೆ ಸರಾಸರಿ 82.5, ಮುಂಚೆ ಇದ್ದ 75ಕ್ಕಿಂತ ಮೇಲು. ಇಬ್ಬರಿಗೂ ಲಾಭ. ಒಂದೇ ಬ್ಯಾಂಕ್ ಸಾಲ ಕೊಟ್ಟಿದ್ದರೆ ಒಂದು ಮೇಜಿನ ಸುತ್ತ ಕೂತು ಇದನ್ನು ಬಗೆಹರಿಸಬಹುದು. ನೂರಾರು ಬಾಂಡ್‌ದಾರರಿದ್ದರೆ ಪ್ರತಿಯೊಬ್ಬನೂ ಬೇರೆಯವರು ಬಿಟ್ಟುಕೊಡಲಿ, ನನ್ನದು ಪೂರ್ತಿ ಬರಲಿ ಎಂದು ಕಾಯುತ್ತಾನೆ. ಮಾತುಕತೆ ಮುರಿಯುತ್ತದೆ. ಯಾರಿಂದ ಸಾಲ ತರುತ್ತೀರಿ ಎಂಬುದು ಎಷ್ಟು ತರುತ್ತೀರಿ ಎಂಬಷ್ಟೇ ಮುಖ್ಯ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಇದೇ ಜಗಳದ ಇನ್ನೊಂದು ಮುಖ ಜೂಜು. ಕೈಯಲ್ಲಿ 100, ತೀರಿಸಬೇಕಾದ ಸಾಲವೂ 100. ಸುಮ್ಮನಿದ್ದರೆ ಷೇರುದಾರರಿಗೆ ಸೊನ್ನೆ. ಅದನ್ನೆಲ್ಲ ಒಂದು ಸಾಹಸಕ್ಕೆ ಸುರಿದರೆ 40% ಸಾಧ್ಯತೆಯಲ್ಲಿ 180, ಇಲ್ಲದಿದ್ದರೆ 20. ಸರಾಸರಿ 84, ಅಂದರೆ 16 ನಷ್ಟದ ಕೆಲಸ. ಆದರೂ ಷೇರುದಾರರಿಗೆ ಸರಾಸರಿ 32 ಬರುತ್ತದೆ. ಸಾಲ ಕೊಟ್ಟವರ 100 ಹೋಗಿ 52 ಆಗುತ್ತದೆ. ಗೆದ್ದರೆ ನಮ್ಮದು, ಸೋತರೆ ಅವರದು ಎಂಬ ಆಟ.

ಸಾಲ ಕೊಡುವವರಿಗೆ ಇದೆಲ್ಲ ಮೊದಲೇ ಗೊತ್ತು. ಆದ್ದರಿಂದ ಬಡ್ಡಿ ಏರಿಸುತ್ತಾರೆ, ಷರತ್ತು ಹಾಕುತ್ತಾರೆ. ಸಾಲದ ಒಪ್ಪಂದವನ್ನು ಒಮ್ಮೆ ಈ ಕಣ್ಣಿನಿಂದ ಓದಿ ನೋಡಿ. ಲಾಭಾಂಶಕ್ಕೆ ಮಿತಿ ಅನ್ನುವ ಕಲಮು ಯಾಕಿದೆ? ಮುಳುಗುವ ಮುಂಚೆ ಷೇರುದಾರರು ಹಣ ಹೊರಗೆ ತೆಗೆಯದಿರಲಿ ಎಂದು. ಮುಖ್ಯ ಆಸ್ತಿ ಮಾರುವ ಮುಂಚೆ ಒಪ್ಪಿಗೆ ಬೇಕು ಅನ್ನುವುದು ಜೂಜು ತಡೆಯಲು. ಹೊಸ ಸಾಲಕ್ಕೆ ಮಿತಿ ಇರುವುದು ಹಳಬರ ಪಾಲು ತೆಳುವಾಗದಿರಲಿ ಎಂದು. ಒಂದೊಂದು ಕಲಮೂ ಯಾವುದೋ ಒಂದು ಜಗಳವನ್ನು ಮೊದಲೇ ಊಹಿಸಿ ಬರೆದದ್ದು. ಈ ಬಡ್ಡಿ, ಈ ಕಟ್ಟುಪಾಡು, ಅದರಿಂದ ತಪ್ಪಿಹೋದ ಒಳ್ಳೆ ಕೆಲಸ, ಇವೆಲ್ಲ ಸೇರಿದ್ದೇ ಏಜೆನ್ಸಿ ವೆಚ್ಚ. ಕೊನೆಗೆ ಅದನ್ನು ಹೊರುವವರು ಷೇರುದಾರರೇ.

ಸಾಲಕ್ಕೆ ಇದರ ಎದುರು ಒಂದು ಒಳ್ಳೆ ಗುಣವೂ ಇದೆ. ಕೈತುಂಬ ಹಣವಿದ್ದು ಹೂಡಲು ಒಳ್ಳೆ ಕೆಲಸ ಇಲ್ಲದ ಕಂಪನಿಯಲ್ಲಿ ಆಡಳಿತದವರು ಬೇಕಾಬಿಟ್ಟಿ ಖರ್ಚಿಗೆ ಇಳಿಯಬಹುದು. ಬಡ್ಡಿ, ಕಂತು ಎಂದು ಪ್ರತಿ ವರ್ಷ ಹಣ ಹೊರಗೆ ಹೋಗಲೇಬೇಕಾದರೆ ಅವರ ಕೈ ಕಟ್ಟಿದಂತಾಗುತ್ತದೆ. ಜೆನ್‌ಸೆನ್ 1986ರಲ್ಲಿ ಹೇಳಿದ್ದು ಇದು. ಅಂಥ ಕಂಪನಿಗೆ ಸಾಲವೇ ಮದ್ದು.

ಹಾಗಾದರೆ ಯಾವುದನ್ನು ಹಿಡಿಯಬೇಕು

ನನ್ನ ಅನುಭವದಲ್ಲಿ ಮೊದಲು ಕೇಳಬೇಕಾದದ್ದು ಕಂಪನಿಯ ಬೆಲೆ ಎಲ್ಲಿ ಕೂತಿದೆ ಎಂದು. ಕಟ್ಟಡ, ಯಂತ್ರ, ಸ್ಥಿರವಾದ ಬಾಡಿಗೆ ಆದಾಯದಲ್ಲಿದ್ದರೆ ಹೊರಗಿನವರಿಗೂ ಅದು ಕಾಣುತ್ತದೆ, ಜೂಜಾಡುವುದೂ ಕಷ್ಟ. ಅಲ್ಲಿ ಗುಟ್ಟೂ ಕಡಿಮೆ, ಜಗಳವೂ ಕಡಿಮೆ. ಟ್ರೇಡ್-ಆಫ್ ಲೆಕ್ಕವೇ ಸಾಕು. ತೆರಿಗೆ ಎಷ್ಟು ಉಳಿಯುತ್ತದೆ ಎಂದು ಕೂಡಿ ಕಳೆದು ನೋಡಿ.

ಕಂಪನಿ ಹಳೆಯದು, ಗಟ್ಟಿಯಾಗಿದೆ, ಸಾಲ ತೀರಿಸುವ ಶಕ್ತಿಯ ಬಗ್ಗೆ ಯಾರಿಗೂ ಅನುಮಾನ ಇಲ್ಲ, ಆದರೆ ಷೇರಿನ ಬೆಲೆ ಸರಿಯಿಲ್ಲ ಎಂದು ಒಳಗಿನವರಿಗೆ ಅನ್ನಿಸುತ್ತಿದೆ. ಇಲ್ಲಿ ಪೆಕಿಂಗ್ ಆರ್ಡರ್ ಸರಿ. ಇದನ್ನು ಪರೀಕ್ಷಿಸುವ ಒಂದು ರೀತಿ ಇದೆ. ವರ್ಷದ ಹೂಡಿಕೆ, ಲಾಭಾಂಶ, ದುಡಿಮೆ ಬಂಡವಾಳದ ಏರಿಕೆ, ಇವನ್ನು ಕೂಡಿ ವ್ಯವಹಾರದಿಂದ ಬಂದ ನಗದನ್ನು ಕಳೆಯಿರಿ. ಉಳಿದದ್ದು ಹಣದ ಕೊರತೆ. ಹಲವು ವರ್ಷ ಈ ಕೊರತೆಯ ಜೊತೆಜೊತೆಗೇ ಸಾಲ ಏರಿಳಿದಿದ್ದರೆ ಕಂಪನಿ ಸಾಲು ಪಾಲಿಸುತ್ತಿದೆ. 1999ರಲ್ಲಿ ಶ್ಯಾಮ್-ಸುಂದರ್ ಮತ್ತು ಮೈಯರ್ಸ್ 157 ಅಮೆರಿಕನ್ ಕಂಪನಿಗಳಲ್ಲಿ ಕೊರತೆಯ ಸುಮಾರು ಮುಕ್ಕಾಲು ಭಾಗ ಸಾಲದಿಂದಲೇ ತುಂಬಿದ್ದನ್ನು ಕಂಡರು. ಆದರೆ 2003ರಲ್ಲಿ ಫ್ರಾಂಕ್ ಮತ್ತು ಗೋಯಲ್ ಇನ್ನೂ ಎಷ್ಟೋ ಜಾಸ್ತಿ ಕಂಪನಿಗಳನ್ನು ಸೇರಿಸಿ ನೋಡಿದಾಗ ಆ ಚಿತ್ರ ಉಳಿಯಲಿಲ್ಲ. ಅದರಲ್ಲೂ ಸಣ್ಣ ಕಂಪನಿಗಳು ಕೊರತೆ ತುಂಬಲು ಷೇರನ್ನೇ ಮಾರುತ್ತಿದ್ದವು. ಗುಟ್ಟು ಹೆಚ್ಚಿರುವ ಸಣ್ಣ ಕಂಪನಿಗಳೇ ಷೇರನ್ನು ದೂರ ಇಡಬೇಕಿತ್ತು. ಪೆಕಿಂಗ್ ಆರ್ಡರ್‌ಗೆ ಬಿದ್ದ ದೊಡ್ಡ ಪೆಟ್ಟು ಇದು.

ಯಾಕೆ ಹೀಗೆ? ಬೆಳೆಯುವ ಕಂಪನಿಯ ಬೆಲೆ ಇರುವುದು ಮುಂದೆ ಮಾಡಬಹುದಾದ ಕೆಲಸಗಳಲ್ಲಿ. ಆ ಕೆಲಸಗಳನ್ನೇ ನಿಲ್ಲಿಸುವುದು ಹಳೆ ಸಾಲದ ಹೊರೆ. ಜೂಜಾಡಲು ದಾರಿಯೂ ಅಲ್ಲೇ ಜಾಸ್ತಿ. ಅವರು ಷೇರನ್ನು ಸ್ವಲ್ಪ ಅಗ್ಗಕ್ಕೆ ಮಾರಿದರೂ ಪರವಾಗಿಲ್ಲ, ಸಾಲ ಬೇಡ ಅನ್ನುವುದು ನನಗೆ ವಿವೇಕವಾಗಿಯೇ ಕಾಣುತ್ತದೆ. ಇಂಥ ಕಂಪನಿಗೆ ಏಜೆನ್ಸಿ ವೆಚ್ಚದ ದಾರಿ ಹಿಡಿಯಿರಿ. ಸಾಲ ತರಲೇಬೇಕಾದರೆ ಹೊಸ ಕೆಲಸ ಎದುರಾಗುವ ಮುಂಚೆ ತೀರಿಹೋಗುವಷ್ಟು ಕಡಿಮೆ ಅವಧಿಯದ್ದು, ಇಲ್ಲವೇ ಷೇರಾಗಿ ಬದಲಾಗುವ ಸಾಲ ನೋಡಬಹುದು.

ಎರಡೂ ದಾರಿ ಒಂದೇ ಕಂಪನಿಯಲ್ಲಿ ಎಲ್ಲಿ ಸಂಧಿಸುತ್ತವೆ ಎಂದು ನೋಡಲು ನಮ್ಮ ಮೊದಲ ಕಂಪನಿಗೆ ಮರಳೋಣ. ಈಗ ಅದರ ಮೇಲೆ 100 ಹಳೆ ಸಾಲ ಇದೆ ಎಂದುಕೊಳ್ಳಿ. 60 ಹೊಸ ಸಾಲ ಸೇರಿದರೆ ಒಟ್ಟು 160. ಕೆಟ್ಟ ಸ್ಥಿತಿಯಲ್ಲಿ ಇರುವುದು 152. ಸಾಲ ಖಚಿತವಾಗಿ ತೀರುವುದಿಲ್ಲ. ಕೊಡುವವನು ಈಗ ಒಳಗಿನ ಗುಟ್ಟು ಏನು ಎಂದು ಕೇಳುತ್ತಾನೆ, ಅಲ್ಲಿಗೆ ಪೆಕಿಂಗ್ ಆರ್ಡರ್‌ನ ಎರಡನೇ ಮೆಟ್ಟಿಲು ಅಲುಗಾಡಿತು. ಷೇರುದಾರರೇ 60 ಹಾಕೋಣ ಎಂದರೂ, ಕೆಟ್ಟ ಸ್ಥಿತಿಯಲ್ಲಿ 152ರಿಂದ 100 ಹೋಗಿ ಅವರಿಗೆ ಸಿಗುವುದು 52. 8 ನಷ್ಟ. ಅವರೂ ಒಪ್ಪುವುದಿಲ್ಲ.

ಎಷ್ಟು ಹಳೆ ಸಾಲದವರೆಗೆ ಇದು ಆಗುವುದಿಲ್ಲ? ಹೊಸ ಸಾಲ ಸುರಕ್ಷಿತವಾಗಿರಬೇಕಾದರೆ 152ರಿಂದ 60 ಕಳೆದ 92ರೊಳಗೆ ಹಳೆ ಸಾಲ ಇರಬೇಕು. ಷೇರುದಾರರು ಕೆಟ್ಟ ಸ್ಥಿತಿಯಲ್ಲೂ 60 ಹಾಕಲು ಒಪ್ಪಬೇಕಾದರೂ ಅದು 92ರೊಳಗೇ ಇರಬೇಕು. ಎರಡು ಬೇರೆ ಪ್ರಶ್ನೆ, ಗೆರೆ ಒಂದೇ. ನಿಮ್ಮ ಕಂಪನಿಯ ಕೆಟ್ಟ ಸ್ಥಿತಿಯ ಅಂಕಿ ಹಾಕಿ ಈ ಗೆರೆಯನ್ನು ಮೊದಲು ಎಳೆಯಿರಿ. ಗೆರೆಯ ಕೆಳಗೆ ದೂರದಲ್ಲಿದ್ದರೆ ಸಾಲು ಪಾಲಿಸಿ ಸಾಲ ತನ್ನಿ. ಹತ್ತಿರವಿದ್ದರೆ ಈಗಲೇ, ಯೋಜನೆ ಬರುವ ಮುಂಚೆಯೇ, ಸ್ವಲ್ಪ ಷೇರು ಮಾರಿ ಜಾಗ ಮಾಡಿಕೊಳ್ಳಿ. ದಾಟಿದ್ದರೆ ಹೊಸ ಹಣ ಹುಡುಕುವ ಮೊದಲು ಹಳೆ ಸಾಲ ಕೊಟ್ಟವರ ಜೊತೆ ಮಾತಿಗೆ ಕೂರಿ.